ಹತ್ತನೇ ತರಗತಿಯ ವಾರದಲ್ಲಿ ರಿಯಾಜ್‌ಗೆ ಏಳು ಗಂಟೆ

ಎಸ್ಸೆಸ್ಸೆಲ್ಸಿ ವರ್ಷ ಬಂತೆಂದರೆ ಸಂಗೀತ, ನೃತ್ಯ, ಆಟಗಳನ್ನೇ ಮೊದಲು ಬಿಡಿಸುವುದು ಮನೆಗಳಲ್ಲಿ ರೂಢಿ. ಓದಲು ಸಮಯ ಸಾಲದು ಎಂಬುದು ಅದಕ್ಕೆ ಕೊಡುವ ಕಾರಣ. ವಾರದ 168 ಗಂಟೆಗಳನ್ನು ಕಾಗದದ ಮೇಲೆ ಹರಡಿ ನೋಡಿದರೆ ಈ ಕಾರಣ ನಿಲ್ಲುವುದಿಲ್ಲ.

ತಿಳವಳ್ಳಿಯಲ್ಲಿದ್ದು ಭಾನುವಾರ ಹಾನಗಲ್‌ಗೆ ಹಿಂದೂಸ್ತಾನಿ ಗಾಯನ ಕಲಿಯಲು ಹೋಗುವ ಹತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ರಾತ್ರಿ ಒಂಬತ್ತೂವರೆಗೆ ಮಲಗಿ ಬೆಳಿಗ್ಗೆ ಐದೂವರೆಗೆ ಎದ್ದರೆ ನಿದ್ದೆ ವಾರಕ್ಕೆ 56 ಗಂಟೆ. ವಿಶೇಷ ತರಗತಿ, ಹೋಗಿಬರುವ ಹೊತ್ತು, ಶನಿವಾರದ ಬೆಳಗಿನ ಶಾಲೆ ಎಲ್ಲ ಸೇರಿ ಸುಮಾರು 47 ಗಂಟೆ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ 40 ನಿಮಿಷ ರಿಯಾಜ್ ಮಾಡಿದರೆ ನಾಲ್ಕು ಗಂಟೆ. ಭಾನುವಾರದ ಪಾಠಕ್ಕೆ ಬಸ್ಸಿನ ಹೊತ್ತೂ ಸೇರಿ ಮೂರು ಗಂಟೆ. ಓದಿಗೆ 20 ಗಂಟೆ ಎತ್ತಿಟ್ಟ ಮೇಲೂ ಊಟ, ಸ್ನಾನ, ಮನೆಗೆಲಸ, ವಿಶ್ರಾಂತಿಗೆಂದು 38 ಗಂಟೆ ಉಳಿಯುತ್ತದೆ. ಸಂಗೀತ ತೆಗೆದುಕೊಂಡದ್ದು ಏಳೇ ಗಂಟೆ. ಆದ್ದರಿಂದ ಯೋಚಿಸಬೇಕಾದದ್ದು ಅಭ್ಯಾಸ ಬೇಕೋ ಬೇಡವೋ ಎಂದಲ್ಲ, ಅದನ್ನು ಯಾವ ಹೊತ್ತಿನಲ್ಲಿ ಇಡಬೇಕು ಎಂದು.

ರಿಯಾಜ್‌ಗೆ ಬೆಳಿಗ್ಗೆ 5.50ರಿಂದ 6.30 ಸೂಕ್ತ. ಮೊದಲ ಹತ್ತು ನಿಮಿಷ ಮಂದ್ರದ ಸ್ವರಗಳಲ್ಲಿ ಖರ್ಜ, ಮುಂದಿನ ಹದಿನೈದು ನಿಮಿಷ ಪಲ್ಟಾ, ಕೊನೆಯ ಕಾಲು ಗಂಟೆ ಆ ವಾರದ ರಾಗದ ಬಂದಿಶ್. ನಂತರ 6.45ರಿಂದ ಒಂದು ಗಂಟೆ ಗಣಿತ. ಸಂಜೆ 6.45ರಿಂದ ಒಂದೂವರೆ ಗಂಟೆ ವಿಜ್ಞಾನ ಅಥವಾ ಸಮಾಜ. ಊಟವಾದ ಮೇಲೆ ಅರ್ಧ ಗಂಟೆ ಪುಸ್ತಕ ಮುಚ್ಚಿ ಆ ದಿನ ಓದಿದ್ದನ್ನು ನೆನಪಿನಿಂದ ಬರೆಯುವುದು. ಶನಿವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಒಂದು ಹಳೆಯ ಪ್ರಶ್ನೆಪತ್ರಿಕೆ. ಭಾನುವಾರ ಪಾಠ ಮುಗಿಸಿ ಬಂದು, ಸಂಜೆ ಎರಡು ಗಂಟೆ ಆ ಪತ್ರಿಕೆಯಲ್ಲಿ ತಪ್ಪಿದ್ದನ್ನು ತಿದ್ದುವುದು.

ದಿನವೂ 40 ನಿಮಿಷ ಬಿಟ್ಟು, ಭಾನುವಾರ ಒಟ್ಟಿಗೆ ನಾಲ್ಕು ಗಂಟೆ ಹಾಡಿದರೆ ಆಗದೇ ಎಂಬ ಪ್ರಶ್ನೆ ಸಹಜ. ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸುವಾಗ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಇದನ್ನು ಪರೀಕ್ಷಿಸಿ 1978ರಲ್ಲಿ ವರದಿ ಮಾಡಿದರು. ದಿನಕ್ಕೆ ಒಂದು ಗಂಟೆ ಕಲಿತವರಿಗೆ, ದಿನಕ್ಕೆ ನಾಲ್ಕು ಗಂಟೆ ಕಲಿತವರಿಗಿಂತ ಕಡಿಮೆ ಒಟ್ಟು ಗಂಟೆಗಳಲ್ಲಿ ಕೆಲಸ ಕೈಗೂಡಿತು. ಗಂಟಲಿಗೆ ಇನ್ನೊಂದು ಮಿತಿಯೂ ಇದೆ: ಆರು ದಿನ ಸುಮ್ಮನಿದ್ದು ಏಳನೇ ದಿನ ಗಂಟೆಗಟ್ಟಲೆ ಹಾಡಿದರೆ ದನಿ ಒಡೆಯುತ್ತದೆ. ಹುಡುಗರಲ್ಲಿ ಕಂಠ ಬದಲಾಗುವುದೂ ಹೆಚ್ಚಾಗಿ ಇದೇ ವಯಸ್ಸಿನಲ್ಲಿ. ಅವರು ಶ್ರುತಿ ಇಳಿಸಿ, ತಾರ ಸ್ಥಾಯಿಗೆ ಹೋಗದೆ, 20 ನಿಮಿಷದಲ್ಲಿ ನಿಲ್ಲಿಸುವುದು ಒಳ್ಳೆಯದು.

ವೇಳಾಪಟ್ಟಿ ಕೆಡುವುದು ಸಾಮಾನ್ಯವಾಗಿ ನಿದ್ದೆಯ ಕಡೆಯಿಂದ. ರಾತ್ರಿ ಹನ್ನೊಂದರವರೆಗೆ ಓದಿದವಳು ಮರುದಿನ ಎದ್ದು ಹಾಡುವುದಿಲ್ಲ. ತಪ್ಪಿದ ರಿಯಾಜ್ ಸಂಜೆಗೆ ಸರಿಯುತ್ತದೆ, ಸಂಜೆಯ ಓದು ಮತ್ತೆ ರಾತ್ರಿಗೆ ಜಾರುತ್ತದೆ. ಇದನ್ನು ಗುರುತಿಸಲು ಎರಡು ಗುರುತುಗಳಿವೆ. ಶನಿವಾರದ ಪತ್ರಿಕೆಗಳಲ್ಲಿ ಮೂರು ವಾರ ಸತತ ಅಂಕ ಇಳಿದರೆ ಓದಿನ ಹೊತ್ತು ಸೋರುತ್ತಿದೆ ಎಂದರ್ಥ. ಕಳೆದ ವಾರ ಹೇಳಿಕೊಟ್ಟ ಬಂದಿಶನ್ನು ಗುರುಗಳು ಮತ್ತೆ ಮೊದಲಿನಿಂದ ಹೇಳಿಕೊಡಬೇಕಾಗಿ ಬಂದರೆ ರಿಯಾಜ್ ನಡೆದಿಲ್ಲ ಎಂದರ್ಥ. ಎರಡೂ ಒಟ್ಟಿಗೆ ಕಂಡರೆ ಮೊದಲು ಮಲಗುವ ಹೊತ್ತನ್ನು ಸರಿಪಡಿಸಬೇಕು.

ಕಬಡ್ಡಿ, ಕೊಕ್ಕೊ ಆಡುವವರಿಗೆ ಲೆಕ್ಕ ಸ್ವಲ್ಪ ಬೇರೆ. ಶಾಲಾ ಕ್ರೀಡಾಕೂಟಗಳು ವಲಯದಿಂದ ತಾಲ್ಲೂಕು, ಜಿಲ್ಲೆಗೆ ಏರುವುದು ಬಹುಪಾಲು ಶೈಕ್ಷಣಿಕ ವರ್ಷದ ಮೊದಲರ್ಧದಲ್ಲಿ. ಆ ವಾರಗಳಲ್ಲಿ ಸಂಜೆಯ ಮೈದಾನಕ್ಕೆ ಒಂದೂವರೆ ಗಂಟೆ ಬೇಕಾಗುತ್ತದೆ. ದಣಿದ ರಾತ್ರಿ ಕಷ್ಟದ ವಿಷಯ ತಲೆಗೆ ಹತ್ತುವುದಿಲ್ಲವಾದ್ದರಿಂದ ಗಣಿತವನ್ನು ಬೆಳಿಗ್ಗೆಗೇ ಇಡಬೇಕು. ಪ್ರತಿಭಾ ಕಾರಂಜಿಗೆ ಜನಪದ ನೃತ್ಯ ತಯಾರಿಸುವ ಮಕ್ಕಳಿಗೆ ತಾಲೀಮು ಶಾಲೆಯ ಅವಧಿಯಲ್ಲೇ ನಡೆಯುತ್ತದೆ. ಅವರು ತಪ್ಪಿದ ಪಾಠದ ಟಿಪ್ಪಣಿಯನ್ನು ಅದೇ ಸಂಜೆ ಬರೆದುಕೊಳ್ಳಬೇಕು. ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೆ ಕಟ್ಟುವುದಾದರೆ ಒಂಬತ್ತನೇ ತರಗತಿಯೊಳಗೆ ಮುಗಿಸುವುದು ಲೇಸು. ಇಲ್ಲದಿದ್ದರೆ ಎರಡು ಪರೀಕ್ಷೆಗಳ ಓದು ಒಂದೇ ವರ್ಷದ ಮೇಲೆ ಬೀಳುತ್ತದೆ.

ಪೂರ್ವಸಿದ್ಧತಾ ಪರೀಕ್ಷೆಗಳು ಶುರುವಾದಾಗ ವಾರದ ಏಳು ಗಂಟೆಯನ್ನು ಎರಡಕ್ಕೆ ಇಳಿಸಬೇಕು, ಸೊನ್ನೆಗೆ ಅಲ್ಲ. ಹಾನಗಲ್ ಪ್ರಯಾಣ ನಿಲ್ಲಲಿ. ಹೊಸ ರಾಗ ಬೇಡ. ಬೆಳಗಿನ ಇಪ್ಪತ್ತು ನಿಮಿಷ ಖರ್ಜ ಮತ್ತು ಗೊತ್ತಿರುವ ಒಂದು ರಾಗ ಸಾಕು. ಆಟಗಾರರು ದಿನಗಳನ್ನು ಕಡಿಮೆ ಮಾಡಿದರೂ ಓಟದ ಬಿರುಸು ಇಳಿಸದಿದ್ದರೆ ದಮ್ಮು ಬಹುಮಟ್ಟಿಗೆ ಉಳಿಯುತ್ತದೆ. ಪರೀಕ್ಷೆ ಮುಗಿದ ಮರುದಿನವೇ ಹಳೆಯ ಪ್ರಮಾಣಕ್ಕೆ ಹೋಗದೆ ಎರಡು ವಾರದಲ್ಲಿ ನಿಧಾನವಾಗಿ ಏರಿಸಿದರೆ ಕಂಠಕ್ಕೂ ಕೀಲುಗಳಿಗೂ ಪೆಟ್ಟು ಬೀಳುವುದಿಲ್ಲ.