ಬ್ಯಾಂಕು ದರ ಇಳಿಸಿತು, ಕಂತು ಇಳಿಯಲಿಲ್ಲ: ಪ್ರಕಟಣೆಯಲ್ಲಿ ಕಾಣದ ಎರಡನೇ ದಿನಾಂಕ

ಭಾರತೀಯ ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ನಾಲ್ಕು ಬಾರಿ ರೆಪೊ ದರವನ್ನು ತಗ್ಗಿಸಿತು. ಶೇ 6.50 ಇದ್ದ ದರ ಶೇ 5.25ಕ್ಕೆ ಬಂತು. ಅದರ ಬೆನ್ನಿಗೇ ಬ್ಯಾಂಕುಗಳು ಬಡ್ಡಿದರ ಇಳಿಕೆಯ ಪ್ರಕಟಣೆಗಳನ್ನು ಹೊರಡಿಸಿದವು. ಆದರೂ ಹಳೆಯ ಗೃಹಸಾಲಗಾರರಲ್ಲಿ ಅನೇಕರ ಖಾತೆಯಲ್ಲಿ ತಿಂಗಳುಗಟ್ಟಲೆ ಏನೂ ಬದಲಾಗಲಿಲ್ಲ. ಇದು ಬ್ಯಾಂಕಿನ ವಂಚನೆಯೆಂದು ಭಾವಿಸುವವರೇ ಹೆಚ್ಚು. ಬಹುಪಾಲು ಸಂದರ್ಭಗಳಲ್ಲಿ ಕಾರಣ ಬೇರೆ: ಪ್ರಕಟಣೆಯಲ್ಲಿರುವ ‘ಜಾರಿಗೆ ಬರುವ ದಿನಾಂಕ’ ಬ್ಯಾಂಕಿನದು, ಸಾಲಗಾರನದಲ್ಲ.

2016ರ ಏಪ್ರಿಲ್‌ನಿಂದ 2019ರ ಸೆಪ್ಟೆಂಬರ್‌ವರೆಗೆ ಬ್ಯಾಂಕುಗಳು ನೀಡಿದ ಚರ ಬಡ್ಡಿಯ ಗೃಹಸಾಲಗಳು ಸಾಮಾನ್ಯವಾಗಿ ಎಂಸಿಎಲ್‌ಆರ್ ಎಂಬ ದರಕ್ಕೆ ಜೋಡಣೆಯಾಗಿವೆ. ಇದು ಬ್ಯಾಂಕು ತನಗೆ ಹಣ ಒದಗುವ ವೆಚ್ಚದ ಮೇಲೆ ತಾನೇ ಲೆಕ್ಕ ಹಾಕಿ ಪ್ರತಿ ತಿಂಗಳೂ ಪ್ರಕಟಿಸುವ ಮೂಲ ದರ. ಅದರ ಮೇಲೆ ‘ಸ್ಪ್ರೆಡ್’ ಎಂಬ ಹೆಚ್ಚುವರಿ ಅಂಶ ಸೇರಿ ಸಾಲಗಾರನ ದರವಾಗುತ್ತದೆ. ಆದರೆ ಸಾಲಪತ್ರದಲ್ಲಿ ಮರುನಿಗದಿ ದಿನಾಂಕ, ಅಂದರೆ ‘ರೀಸೆಟ್ ಡೇಟ್’ ಎಂಬುದೊಂದಿರುತ್ತದೆ. ಆ ದಿನ ಚಾಲ್ತಿಯಲ್ಲಿರುವ ಎಂಸಿಎಲ್‌ಆರ್ ಮುಂದಿನ ಮರುನಿಗದಿಯವರೆಗೆ ಆ ಖಾತೆಗೆ ಅನ್ವಯ. ನಡುವೆ ಬರುವ ಪ್ರಕಟಣೆಗಳು ಆ ಖಾತೆಯನ್ನು ಮುಟ್ಟುವುದಿಲ್ಲ.

ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. ಸಾಲಗಾರನೊಬ್ಬನ ಬಾಕಿ 30 ಲಕ್ಷ ರೂಪಾಯಿ. ಮೂಲ ದರ ಒಂದು ವರ್ಷ ಅವಧಿಯ ಎಂಸಿಎಲ್‌ಆರ್, ಶೇ 9.00, ಸ್ಪ್ರೆಡ್ ಶೇ 0.50, ಒಟ್ಟು ಶೇ 9.50. ಮರುನಿಗದಿ ಪ್ರತಿ ವರ್ಷ ಫೆಬ್ರುವರಿ 15. ಬ್ಯಾಂಕು ಜುಲೈ 15ರಿಂದ ಜಾರಿಗೆ ಬರುವಂತೆ ಆ ದರವನ್ನು ಶೇ 8.75ಕ್ಕೆ ಇಳಿಸುತ್ತದೆ. ಅಂದಿನಿಂದಲೇ ಅನ್ವಯವಾಗಿದ್ದರೆ ತಿಂಗಳ ಬಡ್ಡಿ 23,750ರಿಂದ 23,125 ರೂಪಾಯಿಗೆ ಇಳಿದು 625 ರೂಪಾಯಿ ಉಳಿಯುತ್ತಿತ್ತು. ಆದರೆ ಫೆಬ್ರುವರಿವರೆಗೆ ಏಳು ತಿಂಗಳು ಹಳೆಯ ದರವೇ ನಡೆಯುವುದರಿಂದ ಸುಮಾರು 4,400 ರೂಪಾಯಿ ಕೈಬಿಟ್ಟುಹೋಗುತ್ತದೆ.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ಫೆಬ್ರುವರಿ 1ರಂದು ಬ್ಯಾಂಕು ಅದೇ ದರವನ್ನು ಶೇ 8.90ಕ್ಕೆ ಏರಿಸಿತೆನ್ನಿ. ಆಗ 15ರಂದು ಈ ಖಾತೆಗೆ ದಕ್ಕುವುದು ಶೇ 8.90. ಜುಲೈನಲ್ಲಿ ಓದಿ ಸಂತೋಷಪಟ್ಟ ಶೇ 8.75 ಅವನ ಖಾತೆಯಲ್ಲಿ ಒಂದು ದಿನವೂ ಇರಲಿಲ್ಲ! ದರ ಏರುವ ಕಾಲದಲ್ಲಿ ಇದೇ ವಿಳಂಬ ಸಾಲಗಾರನಿಗೆ ಲಾಭ ತರುತ್ತದೆ ಎಂಬುದನ್ನೂ ಒಪ್ಪಬೇಕು.

ಪ್ರಕಟಣೆಯ ಕೋಷ್ಟಕದಲ್ಲಿ ಒಂದು ದಿನ, ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ ಎಂದು ಪ್ರತ್ಯೇಕ ಸಾಲುಗಳಿರುತ್ತವೆ. ಒಂದು ದಿನದ ದರ ಮಾತ್ರ ಇಳಿದು ಒಂದು ವರ್ಷದ್ದು ಹಾಗೆಯೇ ಉಳಿಯುವುದುಂಟು. ತಲೆಬರಹ ಇಳಿಕೆ ಎಂದರೂ ತನ್ನ ಸಾಲಪತ್ರದಲ್ಲಿರುವ ಅವಧಿಯ ಸಾಲನ್ನೇ ನೋಡಬೇಕು.

2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಚರ ಬಡ್ಡಿಯ ಹೊಸ ಗೃಹಸಾಲಗಳು ರೆಪೊದಂಥ ಬಾಹ್ಯ ಮಾನದಂಡಕ್ಕೆ ಜೋಡಣೆಯಾಗಿರಬೇಕು ಎಂಬುದು ರಿಸರ್ವ್ ಬ್ಯಾಂಕಿನ ಆದೇಶ. ಇಲ್ಲಿ ಕನಿಷ್ಠ ಮೂರು ತಿಂಗಳಿಗೊಮ್ಮೆ ಮರುನಿಗದಿ ಕಡ್ಡಾಯ. ಹೀಗಾಗಿ ಕಾಯುವ ಕಾಲ ಕಡಿಮೆ. ಆದರೆ ಈ ವರ್ಗದ ಸಾಲಗಾರರು ಜಾಹೀರಾತಿನ ಆರಂಭಿಕ ದರವನ್ನು ತಮ್ಮದೆಂದು ತಿಳಿಯಬಾರದು. ಅದು ಹೊಸ ಗ್ರಾಹಕರಿಗೆ ನಿಗದಿಯಾದ ಸ್ಪ್ರೆಡ್ ಸೇರಿದ ದರ. ಹಳಬರ ಖಾತೆಗೆ ಮಾನದಂಡದ ಇಳಿಕೆ ಬರುತ್ತದೆಯೇ ಹೊರತು ಹೊಸಬರ ಸ್ಪ್ರೆಡ್ ತಾನಾಗಿ ಬರುವುದಿಲ್ಲ.

ದರ ನಿಜಕ್ಕೂ ಇಳಿದಾಗಲೂ ಅನೇಕ ಬ್ಯಾಂಕುಗಳು ಮಾಸಿಕ ಕಂತನ್ನು ಹಾಗೆಯೇ ಉಳಿಸಿ ಸಾಲದ ಅವಧಿಯನ್ನು ಮೊಟಕುಗೊಳಿಸುತ್ತವೆ. ಕಂತಿನ ಮೊತ್ತವನ್ನಷ್ಟೇ ಗಮನಿಸುವವರಿಗೆ ಇದು ತಿಳಿಯದು. ಖಾತೆಯ ವಿವರಪಟ್ಟಿಯಲ್ಲಿ ಆ ತಿಂಗಳ ಬಡ್ಡಿಯನ್ನು 12ರಿಂದ ಗುಣಿಸಿ ಬಾಕಿ ಅಸಲಿನಿಂದ ಭಾಗಿಸಿ, 100ರಿಂದ ಗುಣಿಸಿದರೆ ಬ್ಯಾಂಕು ಹಾಕುತ್ತಿರುವ ದರ ಸರಿಸುಮಾರು ಹೊರಬೀಳುತ್ತದೆ. 23,750 ಇದ್ದರೆ ಶೇ 9.50, 23,125 ಇದ್ದರೆ ಶೇ 9.25. ಮರುನಿಗದಿಯ ದಿನ ಕಳೆದ ನಂತರವೂ ಹಳೆಯ ಅಂಕಿಯೇ ಬಂದರೆ, ಆಗ ಶಾಖೆಗೆ ಲಿಖಿತವಾಗಿ ಪ್ರಶ್ನಿಸಲು ಆಧಾರವಿದೆ.

ಎಂಸಿಎಲ್‌ಆರ್ ಸಾಲದಿಂದ ಬಾಹ್ಯ ಮಾನದಂಡಕ್ಕೆ ಬದಲಾಗಲು ಅವಕಾಶವೂ ಉಂಟು. ಅವಧಿಗೆ ಮುನ್ನ ಮರುಪಾವತಿಗೆ ದಂಡವಿಲ್ಲದ ಚರ ಬಡ್ಡಿಯ ಸಾಲಗಾರರಿಂದ ಸಮಂಜಸವಾದ ಆಡಳಿತಾತ್ಮಕ ಮತ್ತು ಕಾನೂನು ವೆಚ್ಚದ ಹೊರತು ಬದಲಾವಣೆಗೆ ಶುಲ್ಕ ಪಡೆಯುವಂತಿಲ್ಲ. ಆದರೆ ಅಲ್ಲಿ ಏರಿಕೆಯೂ ಅಷ್ಟೇ ಬೇಗ ಬರುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿವರೆಗಿನ ಅವಧಿಯಲ್ಲಿ ರೆಪೊ ದರ ಶೇ 4.00ರಿಂದ ಶೇ 6.50ಕ್ಕೆ ಏರಿದಾಗ, ಅದರ ಭಾರ ಮೊದಲು ಬಿದ್ದದ್ದು ಈ ವರ್ಗದ ಸಾಲಗಾರರ ಮೇಲೆಯೇ.