ಪಕ್ಕದ ಮನೆಯವರ ಕೈಗೂ ಸಿಗುವ ಫೈಲು

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ನ ನಿವಾಸಿಗಳೇ,

ನಮ್ಮ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಈಗ ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಮಕ್ಕಳು ವೈಟ್‌ಫೀಲ್ಡಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ರಾತ್ರಿ ಎದೆನೋವು ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಪಕ್ಕದ ಮನೆಯವರು. ಅವರಿಗೆ ನಿಮ್ಮ ಪಾಲಿಸಿಯ ಗಂಧಗಾಳಿಯೂ ಇರುವುದಿಲ್ಲ. ಅವರ ಕೈಗೆ ಸಿಗುವಂತೆ, ಅವರಿಗೂ ಅರ್ಥವಾಗುವಂತೆ ಒಂದು ಫೈಲು ಮಾಡಿಡಿ ಎಂಬುದೇ ನನ್ನ ಮನವಿ.

ಮೊದಲೇ ಒಂದು ಮಾತು: ಫೈಲು ಹುಡುಕುತ್ತಾ ಮನೆಯಲ್ಲಿ ನಿಲ್ಲಬೇಡಿ. 108ಕ್ಕೆ ಕರೆ ಮಾಡಿ, ಹೊರಡಿ. ತುರ್ತು ಚಿಕಿತ್ಸೆ ಮೊದಲು, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಫೈಲು ಬೇಕಾಗುವುದು ರೋಗಿ ಒಳಗೆ ಹೋದ ಮೇಲೆ, ಇನ್ಶೂರೆನ್ಸ್ ಡೆಸ್ಕಿನ ಮುಂದೆ.

ಅಲ್ಲಿ ಕೊಡುವ ಕ್ಯಾಶ್‌ಲೆಸ್ ಅರ್ಜಿಯಲ್ಲಿ ಎರಡು ಪಾಲು. ಒಂದನ್ನು ಮನೆಯವರು ತುಂಬಬೇಕು: ಪಾಲಿಸಿ ಸಂಖ್ಯೆ, ಕಾರ್ಡ್ ಸಂಖ್ಯೆ, ಬೇರೆ ಪಾಲಿಸಿ ಇದೆಯೇ, ಕುಟುಂಬ ವೈದ್ಯರು ಯಾರು. ಇನ್ನೊಂದನ್ನು ವೈದ್ಯರು ತುಂಬುತ್ತಾರೆ: ಕಾಯಿಲೆ ಏನು, ಎಂದಿನಿಂದ, ಹಿಂದೆ ಏನೇನಿತ್ತು. ತೊಡಕು ಹುಟ್ಟುವುದು ಬಹುಪಾಲು ಈ ‘ಎಂದಿನಿಂದ’ ಎಂಬಲ್ಲೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬನಶಂಕರಿಯ ಹಿರಿಯರೊಬ್ಬರು 2022ರಲ್ಲಿ ಪಾಲಿಸಿ ತೆಗೆದುಕೊಂಡರು. ಬಿಪಿ ಗೊತ್ತಾದದ್ದು 2023ರಲ್ಲಿ. 2025ರಲ್ಲಿ ಎದೆನೋವು ಬಂತು, ಸ್ಟೆಂಟ್ ಹಾಕಬೇಕಾಯಿತು. ಡ್ಯೂಟಿ ಡಾಕ್ಟರು ಕೇಳಿದಾಗ ಜೊತೆಗೆ ಬಂದವರು ಗಾಬರಿಯಲ್ಲಿ “ಹತ್ತು ವರ್ಷದಿಂದ ಬಿಪಿ ಇರಬೇಕು ಸಾರ್” ಅಂದುಬಿಟ್ಟರು. ಅದು ಕೇಸ್ ಶೀಟಿಗೆ ಏರಿತು. ಹತ್ತು ವರ್ಷದ ಬಿಪಿಯನ್ನು ಪಾಲಿಸಿ ತೆಗೆದುಕೊಳ್ಳುವಾಗ ಏಕೆ ತಿಳಿಸಲಿಲ್ಲ ಎಂದು ವಿಮಾ ಕಂಪನಿ ಕೇಳುತ್ತದೆ. ಉತ್ತರ ಸಿಗುವವರೆಗೆ ಮಂಜೂರಾತಿ ನಿಲ್ಲಬಹುದು, ಕ್ಲೇಮ್ ತಿರಸ್ಕಾರವೂ ಆಗಬಹುದು. ಬಿಪಿ ಮಾತ್ರೆ ಬರೆದ 2023ರ ಮೊದಲ ಚೀಟಿಯ ಪ್ರತಿ ಕೈಯಲ್ಲಿದ್ದರೆ ಕೇಸ್ ಶೀಟಿನಲ್ಲಿ ಮೊದಲೇ ಸರಿಯಾದ ವರ್ಷ ಬರುತ್ತಿತ್ತು.

ಆದ್ದರಿಂದ ಫೈಲಿನ ಮೊದಲ ಹಾಳೆ ಕಾಯಿಲೆಯ ಚರಿತ್ರೆಯಾಗಿರಲಿ: ಯಾವ ಕಾಯಿಲೆ, ಯಾವ ತಿಂಗಳು ವರ್ಷ ಗೊತ್ತಾಯಿತು, ಈಗಿನ ಮಾತ್ರೆ ಎಷ್ಟು ಮಿಲಿಗ್ರಾಂ, ಯಾವ ಔಷಧ ಒಗ್ಗುವುದಿಲ್ಲ, ಹಿಂದಿನ ಆಪರೇಷನ್. ಹಿಂದೆಯೇ ಮೊದಲ ಚೀಟಿಗಳ ಜೆರಾಕ್ಸ್. ಇದ್ದದ್ದನ್ನು ಇದ್ದಂತೆ ಬರೆಯಿರಿ. ಪಾಲಿಸಿಗಿಂತ ಹಿಂದಿನ ಕಾಯಿಲೆಯನ್ನು ತಿಳಿಸದೆ ಬಿಟ್ಟಿದ್ದರೆ ಈಗಲೇ ಕಂಪನಿಗೆ ಬರೆದು ತಿಳಿಸಿ.

ಎರಡನೆಯ ಹಾಳೆ ಪಾಲಿಸಿಯದು. ಸಂಖ್ಯೆ, ಮುಗಿಯುವ ದಿನ, ಟಿಪಿಎ ಹೆಸರು, ಫೋನು, ಇವುಗಳ ಜೊತೆಗೆ ರೂಮ್ ಬಾಡಿಗೆಯ ಮಿತಿಯನ್ನು ದಪ್ಪಕ್ಷರದಲ್ಲಿ ಬರೆಯಿರಿ. 5 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ. 1 ಎಂದಿದ್ದರೆ ಮಿತಿ 5,000 ರೂಪಾಯಿ. 10,000 ರೂಪಾಯಿಯ ರೂಮ್ ಹಿಡಿದರೆ ಹೆಚ್ಚಿನ ಬಾಡಿಗೆ ಮಾತ್ರವಲ್ಲ, ಇಂಥ ಷರತ್ತಿರುವ ಪಾಲಿಸಿಗಳಲ್ಲಿ ಸರ್ಜನ್ ಶುಲ್ಕ, ಥಿಯೇಟರ್ ಶುಲ್ಕವೂ ಅರ್ಧಕ್ಕೆ ಇಳಿಯಬಹುದು. ಔಷಧ, ಸ್ಟೆಂಟಿನಂಥವಕ್ಕೆ ಈ ಕಡಿತವಿಲ್ಲ. ರೂಮ್ ಆರಿಸುವವರು ಪಕ್ಕದ ಮನೆಯವರಾದರೆ ಈ ಒಂದು ಸಾಲು ಅವರ ಕಣ್ಣಿಗೆ ಬೀಳಲೇಬೇಕು.

ಮಗ ಅಥವಾ ಮಗಳ ಕಂಪನಿಯ ಗುಂಪು ವಿಮೆಯಲ್ಲಿ ನಿಮ್ಮ ಹೆಸರಿದ್ದರೆ ಇ-ಕಾರ್ಡ್ ಅವರ ಆಫೀಸಿನ ಮೇಲ್‌ನಲ್ಲೇ ಉಳಿದಿರುತ್ತದೆ. ಮುದ್ರಿಸಿ ತರಿಸಿಕೊಳ್ಳಿ, ಅವರ ಉದ್ಯೋಗಿ ಸಂಖ್ಯೆಯನ್ನೂ ಬರೆದಿಡಿ. ಅವರು ಕೆಲಸ ಬದಲಿಸಿದರೆ ಆ ರಕ್ಷಣೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತದೆ. ಹಳೆಯ ಕಾರ್ಡನ್ನು ಅಂದೇ ಹರಿದುಹಾಕಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡ್ ಇರುವವರು ಅದರ ಜೊತೆ ಪಡಿತರ ಚೀಟಿ, ಆಧಾರ್ ಪ್ರತಿ ಇಡಿ.

ಮೂರನೆಯ ಹಾಳೆಯಲ್ಲಿ ಆಸ್ಪತ್ರೆಗಳು. ಹೃದಯಕ್ಕೆ ಬನ್ನೇರುಘಟ್ಟ ರಸ್ತೆಯ ಜಯದೇವ, ಮೂಳೆ ಮುರಿತಕ್ಕೆ ಸಂಜಯ್ ಗಾಂಧಿ, ತಲೆಯ ಪೆಟ್ಟಿಗೆ ನಿಮ್ಹಾನ್ಸ್ ನಮ್ಮ ಹತ್ತಿರವೇ ಇವೆ. ಖಾಸಗಿಯಾದರೆ ನಿಮ್ಮ ಪಾಲಿಸಿಯ ಜಾಲದಲ್ಲಿ ಇಂದು ಇರುವ ಎರಡರ ಹೆಸರು ಬರೆಯಿರಿ. ಈ ಪಟ್ಟಿ ಬದಲಾಗುತ್ತಿರುತ್ತದೆ, ನವೀಕರಣದ ದಿನ ಮತ್ತೆ ನೋಡಿ.

ದಾಖಲಾದರೆ ಟಿಪಿಎಗೆ 24 ಗಂಟೆಯೊಳಗೆ ತಿಳಿಸುವುದು ರೂಢಿ. 2024ರ ವಿಮಾ ಪ್ರಾಧಿಕಾರದ ನಿಯಮದಂತೆ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್ ಕೋರಿಕೆಗೆ ಮೂರು ಗಂಟೆಯಲ್ಲಿ ಕಂಪನಿ ಉತ್ತರಿಸಬೇಕು. ಕೋರಿಕೆ ಕಳಿಸಿದ ಸಮಯವನ್ನು ಕೇಳಿ ಬರೆದುಕೊಳ್ಳಿ.

ಈ ಭಾನುವಾರ ಹಾಳೆಗಳನ್ನು ಬರೆದು ಮುಗಿಸಿ. ಸೋಮವಾರ ಪಕ್ಕದ ಮನೆಯವರನ್ನು ಕರೆದು ಫೈಲು ಎಲ್ಲಿದೆ ಎಂದು ತೋರಿಸಿ, ಅವರದು ಎಲ್ಲಿದೆ ಎಂದೂ ಕೇಳಿ.