ರಾತ್ರಿ ರೈಲಿಗೆ ಎಸಿ ಕೇಳುವ ಮೊದಲು ಕೆಳಗಿನ ಬರ್ತ್ ಕೇಳಿ

ನಮ್ಮ ಸವದತ್ತಿ, ಬೈಲಹೊಂಗಲ ಕಡೆಯವರಿಗೆ ರೈಲು ಬೇಕೆಂದರೆ ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕು. ಹೀಗಾಗಿ ವಯಸ್ಸು ಅರವತ್ತಾದರೂ ರಾತ್ರಿ ರೈಲು ಹತ್ತದವರು ಇಲ್ಲಿ ಬಹಳ ಮಂದಿ ಇದ್ದಾರೆ. ಹತ್ತುವ ಪ್ರಸಂಗ ಬರುವುದು ಸಾಮಾನ್ಯವಾಗಿ ಬೆಂಗಳೂರಿನ ಆಸ್ಪತ್ರೆಗೋ, ಮಗನ ಹೊಸ ಮನೆಯ ಪ್ರವೇಶಕ್ಕೋ. ಆಗ ಊರಿನ ಮೊಬೈಲ್ ಅಂಗಡಿಗೆ ಹೋಗಿ ಟಿಕೆಟ್ ಕೇಳುತ್ತಾರೆ. ಅಲ್ಲಿ ಬರುವ ಮಾತು ಒಂದೇ: "ವಯಸ್ಸಾದವರು ಅದಾರ ಅಲ್ರೀ, ಎಸಿ ಮಾಡಸ್ರಿ, ಆರಾಮ ಹೋಗತಾರ."

ಈ ಮಾತು ಅರ್ಧ ಮಾತ್ರ ಸರಿ ಎಂಬುದು ನನ್ನ ವಾದ. ಒಂದು ರಾತ್ರಿಯ ಪ್ರಯಾಣದಲ್ಲಿ ವಯಸ್ಸಾದವರ ಆರಾಮ ನಿರ್ಧಾರವಾಗುವುದು ಗಾಳಿ ತಣ್ಣಗಿದೆಯೇ ಎಂಬುದರಿಂದಲ್ಲ, ಮಲಗುವ ಜಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದರಿಂದ. ಎಸಿ ಬೋಗಿಯ ಮೇಲಿನ ಬರ್ತಿಗಿಂತ ಸ್ಲೀಪರ್ ಬೋಗಿಯ ಕೆಳಗಿನ ಬರ್ತ್ ಅವರಿಗೆ ಎಷ್ಟೋ ಮೇಲು.

ಟಿಕೆಟ್ ಮಾಡುವಾಗ ಪರದೆಯ ಮೇಲೆ ಕಾಣುವ ಅಕ್ಷರಗಳಿಂದ ಶುರು ಮಾಡೋಣ. SL ಅಂದರೆ ಸ್ಲೀಪರ್, 3A ಅಂದರೆ ಮೂರು ಹಂತದ ಎಸಿ, 2A ಅಂದರೆ ಎರಡು ಹಂತದ ಎಸಿ. ಈ ಮೂರರಲ್ಲೂ ಮಲಗಬಹುದು. CC ಮತ್ತು 2S ಎರಡೂ ಕೂರುವ ಬೋಗಿಗಳು. CC ಎಸಿ ಇರುವ ಚೇರ್ ಕಾರ್, 2S ಎಸಿ ಇಲ್ಲದ ಕೂರುವ ಬೋಗಿ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಆಗುವುದು ಈ ಚೇರ್ ಕಾರ್ ವಿಷಯದಲ್ಲೇ. ಚೇರ್ ಅಂದರೆ ಬರೀ ಕುರ್ಚಿ, ಹಾಗಾಗಿ ಸ್ಲೀಪರ್‌ಗಿಂತ ಅಗ್ಗ ಇರಬೇಕು ಎಂದು ನಮ್ಮವರು ಲೆಕ್ಕ ಹಾಕುತ್ತಾರೆ. ಆದರೆ ಅದೇ ದೂರಕ್ಕೆ CC ದರ ಸ್ಲೀಪರ್‌ನ ಸುಮಾರು ಎರಡು ಪಟ್ಟು. ಕೊಡುವ ದುಡ್ಡು ತಂಪು ಗಾಳಿಗೆ ಮತ್ತು ಹಿಂದಕ್ಕೆ ಸ್ವಲ್ಪ ಬಾಗುವ ಕುರ್ಚಿಗೆ, ಮಲಗಲು ಅಲ್ಲ. ಸಾಲಿಗೆ ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು ಕುರ್ಚಿ ಇರುತ್ತವೆ. ಇದು ಮೂಲತಃ ಹಗಲು ರೈಲಿನ ಬೋಗಿ. ಬೆಂಗಳೂರು-ಹುಬ್ಬಳ್ಳಿ ಜನಶತಾಬ್ದಿ, ಧಾರವಾಡ ಬೆಳಗಾವಿ ಕಡೆ ಬರುವ ವಂದೇ ಭಾರತ್ ಎಲ್ಲ ಹಗಲು ಗಾಡಿಗಳು, ಅವಕ್ಕೆ ಇದು ಸರಿ. ರಾತ್ರಿ ಗಾಡಿಯಲ್ಲಿ CC ಅಥವಾ 2S ಖಾಲಿ ಕಂಡರೆ ಖುಷಿಪಟ್ಟು ಒತ್ತಬೇಡಿ. ಎಂಟು ಹತ್ತು ತಾಸು ಕಾಲು ಇಳಿಬಿಟ್ಟುಕೊಂಡು ಕೂತರೆ ಸಕ್ಕರೆ ಕಾಯಿಲೆ ಇದ್ದವರ, ಮೊದಲೇ ಕಾಲು ಊದುವವರ ಪಾದ ಬೆಳಗ್ಗೆ ಚಪ್ಪಲಿಗೆ ಹಿಡಿಸುವುದಿಲ್ಲ. ಆಸ್ಪತ್ರೆಗೆ ಹೊರಟವರಿಗಂತೂ ಬೇಡವೇ ಬೇಡ.

ಹಾಗಾದರೆ ಉಳಿದದ್ದು ಸ್ಲೀಪರ್ ಮತ್ತು ಎಸಿ. ಬರ್ತಿನ ಜೋಡಣೆ SL ಮತ್ತು 3A ಎರಡರಲ್ಲೂ ಬಹುಪಾಲು ಒಂದೇ. ಎದುರುಬದುರು ಕೆಳಗೆ, ನಡುವೆ, ಮೇಲೆ ಎಂದು ಆರು, ಓಡಾಡುವ ದಾರಿಯ ಆಚೆ ಬದಿಯಲ್ಲಿ ಎರಡು, ಒಟ್ಟು ಎಂಟು. ಆದ್ದರಿಂದ ನಿಮ್ಮ ಬರ್ತ್ ಸಂಖ್ಯೆಯನ್ನು ಎಂಟರಿಂದ ಭಾಗಿಸಿ. ಶೇಷ 1 ಅಥವಾ 4 ಬಂದರೆ ಕೆಳಗಿನದು. 2 ಅಥವಾ 5 ಬಂದರೆ ನಡುವಿನದು, 3 ಅಥವಾ 6 ಬಂದರೆ ಮೇಲಿನದು. ಶೇಷ 7 ಬಂದರೆ ಬದಿಯ ಕೆಳಗಿನದು, ಏನೂ ಉಳಿಯದಿದ್ದರೆ ಬದಿಯ ಮೇಲಿನದು. 36 ಅಂದರೆ ಎಂಟು ನಾಲ್ಕಲೆ ಮೂವತ್ತೆರಡು, ಉಳಿದದ್ದು 4, ಕೆಳಗಿನ ಬರ್ತ್. ಅಂಗಡಿಯವ "ಕನ್ಫರ್ಮ್ ಆಗೇತಿ" ಅಂದ ಕೂಡಲೇ ದುಡ್ಡು ಎಣಿಸುವ ಮೊದಲು ಈ ಲೆಕ್ಕ ಮಾಡಿ ನೋಡಿ. 2A ಬೋಗಿಗೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ನಡುವಿನ ಬರ್ತ್ ಇಲ್ಲದ ಕಾರಣ ಆರರ ಗುಂಪು.

ಮೇಲಿನ ಬರ್ತಿಗೆ ಹತ್ತಲು ಇರುವುದು ಕಿರಿದಾದ ಕಬ್ಬಿಣದ ಮೆಟ್ಟಿಲು. ಎಸಿಯಲ್ಲೂ ಅಷ್ಟೇ. ಮೊಣಕಾಲು ನೋವಿನ ಅಜ್ಜಿಗೆ ಅದು ಆಗದ ಕೆಲಸ, ರಾತ್ರಿ ಎರಡು ಸಲ ಶೌಚಕ್ಕೆ ಇಳಿಯಬೇಕಾದ ಅಜ್ಜನಿಗೆ ಅಪಾಯದ ಕೆಲಸ. ನಡುವಿನ ಬರ್ತಿನಲ್ಲಿ ತಲೆ ಎತ್ತಿ ಕೂರಲು ಆಗುವುದಿಲ್ಲ. ಅದನ್ನು ಬಿಡಿಸುವ ಸಮಯ ರಾತ್ರಿ 10ರಿಂದ ಬೆಳಗ್ಗೆ 6. ಅದು ಬಿಚ್ಚಿದ ಮೇಲೆ ಕೆಳಗಿನವರೂ ಕೂರುವಂತಿಲ್ಲ, ಮಲಗಲೇಬೇಕು. ಇದನ್ನು ಮೊದಲೇ ಹೇಳಿಟ್ಟರೆ ಗಾಡಿಯಲ್ಲಿ ಜಗಳ ಇಲ್ಲ.

ಈಗ ಒಂದು ಮನೆಯ ಲೆಕ್ಕ ನೋಡೋಣ. ನಮ್ಮ ತಾಲ್ಲೂಕಿನ ಒಬ್ಬ ರೈತ, 68 ವರ್ಷ, ಹೃದಯ ತೋರಿಸಲು ಬೆಂಗಳೂರಿಗೆ ಹೋಗಬೇಕಿತ್ತು. ಜೊತೆಗೆ 61 ವರ್ಷದ ಹೆಂಡತಿ, ಮಗ, ಸೊಸೆ. ಧಾರವಾಡದಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್. ನಾಲ್ವರಿಗೂ 3A ಮಾಡಿಸಿ ಎಂದು ಯಾರೋ ಹೇಳಿದ್ದರು. 3A ದರ ಸ್ಲೀಪರ್‌ನ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಅಂದರೆ ಸ್ಲೀಪರ್‌ನಲ್ಲಿ ನಾಲ್ವರು ಹೋಗಿ ಬರುವ ದುಡ್ಡು ಎಸಿಯಲ್ಲಿ ಹೋಗುವುದಕ್ಕೇ ಸಾಲದು. ಬೆಂಗಳೂರಿನಲ್ಲಿ ಪರೀಕ್ಷೆ, ಔಷಧ, ರೂಮು, ಆಟೋ ಎಲ್ಲ ಕಾದಿರುವಾಗ ಇದು ಸಣ್ಣ ಮಾತಲ್ಲ.

ಮಗ ನನ್ನನ್ನು ಕೇಳಿದಾಗ ಟಿಕೆಟನ್ನು ಎರಡಾಗಿ ಒಡೆಯಲು ಹೇಳಿದೆ. ಇದರ ಹಿಂದೆ ಒಂದು ನಿಯಮ ಇದೆ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತುಗಳನ್ನು ಬೇರೆಯಾಗಿ ತೆಗೆದಿಡುತ್ತಾರೆ. ಆನ್‌ಲೈನ್‌ನಲ್ಲಿ ಕೋಟಾ ಆರಿಸುವ ಜಾಗದಲ್ಲಿ LOWER BERTH/SR. CITIZEN ಎಂದು ಇರುತ್ತದೆ. ಆದರೆ ಅದು ಸಿಗುವುದು ಅಂಥವರು ಒಬ್ಬರೇ ಅಥವಾ ಇಬ್ಬರೇ ಒಂದು ಟಿಕೆಟಿನಲ್ಲಿ ಇದ್ದಾಗ ಮಾತ್ರ. ಅಪ್ಪ, ಅವ್ವ, ಮಗ, ಸೊಸೆ ನಾಲ್ವರ ಹೆಸರನ್ನೂ ಒಂದೇ ಟಿಕೆಟಿಗೆ ಹಾಕಿದರೆ ಆ ಕೋಟಾ ಕೈ ತಪ್ಪುತ್ತದೆ. ಆಮೇಲೆ ಎಲ್ಲಿ ಬರ್ತ್ ಬಿದ್ದರೆ ಅಲ್ಲಿ. ಕುಟುಂಬ ಒಟ್ಟಿಗೆ ಇರಲಿ ಎಂಬ ಒಳ್ಳೆಯ ಆಸೆಯಿಂದಲೇ ಅಜ್ಜ ಮೇಲಿನ ಬರ್ತಿಗೆ ಹೋಗಿ ಬೀಳುವುದು ಹೀಗೆ.

ಮೊದಲು ಅಪ್ಪ ಅವ್ವನ ಟಿಕೆಟ್ ಮಾಡಿದರು. ಎದುರುಬದುರು ಎರಡು ಕೆಳಗಿನ ಬರ್ತ್ ಸಿಕ್ಕಿತು. ಬೋಗಿ ಸಂಖ್ಯೆ ನೋಡಿಕೊಂಡು ಎರಡನೇ ಟಿಕೆಟಿನಲ್ಲಿ ಅದೇ ಸಂಖ್ಯೆಯನ್ನು Preferred Coach No. ಎಂಬ ಜಾಗದಲ್ಲಿ ಹಾಕಿದರು. ಅದೇ ಬೋಗಿ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಇವರಿಗೆ ಸಿಕ್ಕಿತು, ಆದರೆ ಮಗ ಸೊಸೆಯ ಬರ್ತ್ ಅದೇ ಬೋಗಿಯ ಇನ್ನೊಂದು ತುದಿಯಲ್ಲಿ. ರಾತ್ರಿ ಎದ್ದು ಒಮ್ಮೆ ನೋಡಿ ಬರಲು ಅಷ್ಟು ಸಾಕಾಯಿತು. ವಯಸ್ಸಿನ ರಿಯಾಯಿತಿ ಸಿಗಲಿಲ್ಲವೇ ಎಂದು ಹಿರಿಯರು ಕೇಳಿದರು. ಕೆಳಗಿನ ಬರ್ತ್ ಸೌಲಭ್ಯ ಇದೆ, ದರದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿದೆ.

ಈ ಕೋಟಾ ತತ್ಕಾಲ್ ಟಿಕೆಟಿನಲ್ಲಿ ಇಲ್ಲ. ಹಿಂದಿನ ದಿನ ಬೆಳಗ್ಗೆ 10ಕ್ಕೆ ಎಸಿ, 11ಕ್ಕೆ ಸ್ಲೀಪರ್ ತತ್ಕಾಲ್ ತೆರೆಯುತ್ತದೆ, ಅಲ್ಲಿ ಬರ್ತ್ ಸಿಕ್ಕರೆ ಪುಣ್ಯ, ಕೆಳಗಿನದೇ ಬೇಕು ಅನ್ನಲು ಆಗದು. ಆಸ್ಪತ್ರೆ ತಾರೀಕು ಗೊತ್ತಾದ ದಿನವೇ ಟಿಕೆಟ್ ಮಾಡಿ. ರಿಸರ್ವೇಶನ್ 60 ದಿನ ಮೊದಲೇ ತೆರೆದಿರುತ್ತದೆ.

ಸ್ಲೀಪರ್‌ನ ಕಷ್ಟಗಳನ್ನು ಮುಚ್ಚಿಡುವುದಿಲ್ಲ. ಹಾಸಿಗೆ ಹೊದಿಕೆ ಕೊಡುವುದಿಲ್ಲ. ಎಸಿ ಬೋಗಿಯಲ್ಲಿ ಎರಡು ಬಿಳಿ ಚಾದರ, ದಿಂಬು, ಕಂಬಳಿ ಟಿಕೆಟಿನಲ್ಲೇ ಸೇರಿರುತ್ತವೆ. ಸ್ಲೀಪರ್‌ಗೆ ಮನೆಯ ಕೌದಿ ಒಯ್ಯಿರಿ. ಕಿಟಕಿಯ ಸಂದಿನಿಂದ ನುಗ್ಗುವ ಗಾಳಿಗೆ ಕೌದಿಯಷ್ಟು ಒಳ್ಳೆಯದು ಬೇರೆ ಇಲ್ಲ. ದೊಡ್ಡ ನಿಲ್ದಾಣಗಳಲ್ಲಿ ಚಹಾ ಮಾರುವವರ ಕೂಗು, ರಿಸರ್ವೇಶನ್ ಇಲ್ಲದೆ ಹತ್ತಿ ಕಾಲ ಬುಡದಲ್ಲಿ ಕೂರುವವರು, ಇವೆಲ್ಲ ಇದ್ದದ್ದೇ. ರಾತ್ರಿ ಹತ್ತರ ಮೇಲೆ ನಿಮ್ಮ ಬರ್ತಿನಿಂದ ಏಳಿ ಎಂದು ಕೇಳುವ ಹಕ್ಕು ನಿಮಗಿದೆ, ಕೇಳದಿದ್ದರೆ ಟಿಸಿಗೆ ಹೇಳಿ ಅಥವಾ 139ಕ್ಕೆ ಫೋನ್ ಮಾಡಿ. ಚೀಲವನ್ನು ಕೆಳಗಿನ ಸೀಟಿನ ಅಡಿ ಇಟ್ಟು, ಅಲ್ಲಿರುವ ಕಬ್ಬಿಣದ ಉಂಗುರಕ್ಕೆ ಸರಪಳಿ ಹಾಕಿ ಬೀಗ ಹಾಕಿ.

ಎಸಿಗೆ ದುಡ್ಡು ಕೊಡಲೇಬೇಕಾದ ಸಂದರ್ಭವೂ ಇದೆ. ದಮ್ಮು ಇರುವವರಿಗೆ ಧೂಳು, ಹೊಗೆ ತಾಗಬಾರದು. ಆಪರೇಷನ್ ಆಗಿ ವಾಪಸ್ ಬರುವವರ ಗಾಯಕ್ಕೆ ನೂಕುನುಗ್ಗಲು ತಾಗಬಾರದು. ಹಸುಗೂಸು ಎತ್ತಿಕೊಂಡ ಬಾಣಂತಿಗೆ ಏಪ್ರಿಲ್ ಮೇ ತಿಂಗಳಲ್ಲಿ ಸ್ಲೀಪರ್ ಹಿಂಸೆ. ಇವರಿಗೆ 3A, ಅದೂ ಕೆಳಗಿನ ಬರ್ತ್. ಮೊಣಕಾಲು ಬದಲಿಸಿಕೊಂಡವರಿಗೆ ಮಾತ್ರ 2A ಎನ್ನುತ್ತೇನೆ, ನಡುವಿನ ಬರ್ತ್ ಇಲ್ಲದ್ದರಿಂದ ರಾತ್ರಿ ಯಾವಾಗ ಬೇಕಾದರೂ ಎದ್ದು ಕೂರಬಹುದು. ಅದರ ದರ ಸ್ಲೀಪರ್‌ನ ಮೂರೂವರೆಯಿಂದ ನಾಲ್ಕು ಪಟ್ಟು. ಉಳಿದವರಿಗೆ ಪರದೆ ಒಂದಕ್ಕೆ ಅಷ್ಟು ದುಡ್ಡು ಯಾಕೆ ಎಂದು ನನಗಂತೂ ಅರ್ಥವಾಗಿಲ್ಲ.

ಎಸಿಯಲ್ಲೂ ಮನೆಯಿಂದ ಒಂದು ಸ್ವೆಟರ್, ತಲೆಗೆ ಟವೆಲ್ ಬೇಕು, ನಸುಕಿನಲ್ಲಿ ಬಹಳ ಚಳಿ. ಗಾಜು ಮುಚ್ಚಿರುವುದರಿಂದ ರಾತ್ರಿ ಯಾವ ಊರು ಬಂತೆಂದು ಹೊರಗೆ ಕಾಣುವುದು ಕಷ್ಟ. ನಡುವೆ ಇಳಿಯುವವರು ಫೋನಿನಲ್ಲಿ ಅಲಾರಂ ಇಡಲೇಬೇಕು.

ಟಿಕೆಟಿನ ಮೇಲೆ CNF ಇದೆಯೋ, RAC ಇದೆಯೋ, WL ಇದೆಯೋ ಅದನ್ನೂ ನೋಡಿ. RAC ಅಂದರೆ ಹತ್ತಬಹುದು, ಆದರೆ ಬದಿಯ ಕೆಳಗಿನ ಬರ್ತಿನಲ್ಲಿ ಇಬ್ಬರು ಕೂತು ಹೋಗಬೇಕು, ದುಡ್ಡು ಮಾತ್ರ ಪೂರ್ತಿ. WL ಅಂದರೆ ಸ್ಲೀಪರ್, ಎಸಿ ಎರಡಕ್ಕೂ ಹತ್ತುವಂತಿಲ್ಲ. ಆನ್‌ಲೈನ್ ಟಿಕೆಟಿನಲ್ಲಿ ಎಲ್ಲರೂ WL ಇದ್ದರೆ ಚಾರ್ಟ್ ಆದ ಮೇಲೆ ತಾನೇ ರದ್ದಾಗುತ್ತದೆ. 3A ವೇಟಿಂಗ್ ಹಿಡಿದುಕೊಂಡು ಕಾಯುವುದಕ್ಕಿಂತ ಕೈಯಲ್ಲಿರುವ ಕನ್ಫರ್ಮ್ ಸ್ಲೀಪರ್ ಬಿಡಬೇಡಿ.

ಇಷ್ಟೆಲ್ಲ ಹೇಳಿದರೂ ಸ್ಲೀಪರ್ ಸಿಗಬೇಕಲ್ಲ. ಹಲವು ಗಾಡಿಗಳಲ್ಲಿ ಸ್ಲೀಪರ್ ಬೋಗಿ ಕಡಿಮೆ ಮಾಡಿ 3A ಸೇರಿಸುತ್ತ ಬಂದಿದ್ದಾರೆ. ಆಗ ನಮ್ಮ ಕಡೆಯ ರೈತನಿಗೆ ಉಳಿಯುವುದು ಎರಡೇ ದಾರಿ, ಎರಡೂವರೆ ಪಟ್ಟು ದುಡ್ಡು ಕೊಡುವುದು, ಇಲ್ಲವೇ ಜನರಲ್ ಬೋಗಿಯ ಬಾಗಿಲಲ್ಲಿ ನಿಲ್ಲುವುದು. ಹೊಸ ಗಾಡಿ ಬಿಟ್ಟಾಗ ಬಾವುಟ ತೋರಿಸಲು ಬರುವ ನಮ್ಮ ಸಂಸದರನ್ನು ಮುಂದಿನ ಸಲ ಕೇಳಬೇಕಾದ್ದು ಇದನ್ನೇ: ಈ ಗಾಡಿಗೆ ಸ್ಲೀಪರ್ ಬೋಗಿ ಎಷ್ಟು?